ಮೂರ್ಧನ್ಯ ಹಿಂದಿನ ಸ್ವರದಲ್ಲಿ, ಮಹಾಪ್ರಾಣ ಮುಂದಿನ ಸ್ವರದಲ್ಲಿ: ಪರಭಾಷಿಕ ಸಹೋದ್ಯೋಗಿಗಳಿಗೆ ಕನ್ನಡದ ಹೆಸರನ್ನು ಹೇಳುವ ಬಗೆ

ಅಂತರರಾಷ್ಟ್ರೀಯ ಸಮ್ಮೇಳನದಲ್ಲಿಯೋ ಹೊರದೇಶದ ವಿಭಾಗದಲ್ಲಿಯೋ ಕನ್ನಡಿಗ ಸಂಶೋಧಕನೊಬ್ಬ ತನ್ನ ಹೆಸರನ್ನು ಹೇಳುತ್ತಾನೆ. ಕೇಳಿದವರು ಅದನ್ನು ತಪ್ಪಾಗಿ ಮರುನುಡಿಯುತ್ತಾರೆ. ಆಗ ಆತ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ನಿಧಾನವಾಗಿ, ಮತ್ತೊಮ್ಮೆ ಹೇಳುತ್ತಾನೆ. ಕೇಳುಗರ ಉಚ್ಚಾರಣೆ ಮೊದಲಿಗಿಂತ ಕೆಡುತ್ತದೆ. ಇನ್ನೆರಡು ಸಲ ಪ್ರಯತ್ನಿಸಿದ ಬಳಿಕ ಆತನೇ ಸೋತು, ಅವರು ಹೇಳಿದಂತೆಯೇ ತನ್ನ ಹೆಸರನ್ನು ಹೇಳತೊಡಗುತ್ತಾನೆ. ಇದನ್ನು ಸಾಮಾನ್ಯವಾಗಿ ಕೇಳುಗರ ಕಿವಿಯ ದೋಷವೆಂದು ಭಾವಿಸಲಾಗುತ್ತದೆ. ಅದು ಅರ್ಧಸತ್ಯ ಮಾತ್ರ. ಹೆಸರನ್ನು ಬಿಡಿಸುವ ನಮ್ಮ ಕ್ರಮದಲ್ಲಿಯೇ ತೊಡಕಿದೆ. ಆ ಕ್ರಮ ನಮಗೆ ಬಂದಿರುವುದು ನಮ್ಮ ಲಿಪಿಯಿಂದ. ಮೂರ್ಧನ್ಯ ಮತ್ತು ಮಹಾಪ್ರಾಣ ಧ್ವನಿಗಳ ಸುಳಿವುಗಳು ಉಚ್ಚಾರದ ಪ್ರವಾಹದಲ್ಲಿ ಎರಡು ಬೇರೆ ಬೇರೆ ಸ್ಥಳಗಳಲ್ಲಿ ನೆಲೆಸಿವೆ ಎಂಬುದನ್ನೂ, ಅವುಗಳನ್ನು ಪರಿಚಯಿಸುವ ಬಗೆಯೂ ಆದಕಾರಣ ಬೇರೆಯಾಗಿರಬೇಕೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಉದಾಹರಣೆಗಳನ್ನು ವಿಜಯನಗರ ಜಿಲ್ಲೆಯ ತಾಲೂಕುಗಳ ಹೆಸರುಗಳಿಂದ ಆರಿಸಿಕೊಂಡಿದ್ದೇನೆ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂಬ ಐದು ಊರುಗಳ ಹೆಸರುಗಳಲ್ಲಿ ಒಂದೊಂದರಲ್ಲಿಯೂ ಒಂದು ಮೂರ್ಧನ್ಯವಿದೆ. ಮಹಾಪ್ರಾಣ ಒಂದರಲ್ಲಿಯೂ ಇಲ್ಲ. ಈ ಭಾಗದ ವ್ಯಕ್ತಿನಾಮಗಳು ಬಹುಪಾಲು ಅಲ್ಲಿನ ದೈವಗಳ ಹೆಸರುಗಳಿಂದ ಬಂದವು. ಕೊಟ್ಟೂರೇಶ್ವರನಿಂದ ಕೊಟ್ರೇಶ, ಕೊಟ್ರಮ್ಮ, ಕೂಲಹಳ್ಳಿಯ ಗೋಣಿಬಸವೇಶ್ವರನಿಂದ ಗೋಣಿಬಸಪ್ಪ, ಉಜ್ಜಿನಿಯ ಮರುಳಸಿದ್ಧನಿಂದ ಮರುಳಸಿದ್ದಪ್ಪ, ಮೈಲಾರದಿಂದ ಮೈಲಾರಪ್ಪ. ತನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರು ಎಂಬ ಕ್ರಮವೂ ಇಲ್ಲಿ ಬಳಕೆಯಲ್ಲಿದೆ. ವಿವೇಚನೆಯ ಸೌಕರ್ಯಕ್ಕಾಗಿ ‘ಗೋಣಿಬಸಪ್ಪ ಭೀಮಪ್ಪ ಹಗರಿಬೊಮ್ಮನಹಳ್ಳಿ’ ಎಂಬ ಹೆಸರನ್ನು ಕಟ್ಟಿಕೊಳ್ಳೋಣ. ಇದು ಯಾವ ವ್ಯಕ್ತಿಯ ಹೆಸರೂ ಅಲ್ಲ; ಆದರೆ ಅಂಥ ಹೆಸರು ಅಲ್ಲಿ ಯಾರನ್ನೂ ಅಚ್ಚರಿಗೊಳಿಸದು.

ಮೂರ್ಧನ್ಯದ ಸುಳಿವು ಎಲ್ಲಿದೆ?

ಮೂರ್ಧನ್ಯವೆಂದರೆ ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳಿಗೆ ತಾಗಿಸಿ ನುಡಿಯುವ ಧ್ವನಿ ಎಂದು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ಈ ವಿವರಣೆ ಸ್ಥಿರಚಿತ್ರದಂತಿದೆ. ವಾಸ್ತವದಲ್ಲಿ ಮೂರ್ಧನ್ಯವು ಒಂದು ಸ್ಥಾನವಲ್ಲ, ಒಂದು ಚಲನೆ. ಕನ್ನಡದ ದ್ವಿತ್ವ ಸ್ಪರ್ಶಗಳನ್ನು ಅಲ್ಟ್ರಾಸೌಂಡ್ ಮತ್ತು ವಿದ್ಯುತ್ಕಾಂತೀಯ ಉಪಕರಣಗಳಿಂದ ಪರಿಶೀಲಿಸಿದ ಕೊಚೆಟೊವ್, ಶ್ರೀದೇವಿ ಮತ್ತು ಸಂಗಡಿಗರ ಅಧ್ಯಯನವು 2014ರಲ್ಲಿ ‘ಜರ್ನಲ್ ಆಫ್ ಫೊನೆಟಿಕ್ಸ್’ನಲ್ಲಿ ಪ್ರಕಟವಾಯಿತು. ಅದರಲ್ಲಿ ಕಾಣುವುದಿದು: ಟ್ಟ, ಡ್ಡಗಳನ್ನು ನುಡಿಯುವಾಗ ನಾಲಗೆಯ ತುದಿ ಮೇಲೆದ್ದು ಹಿಂದಕ್ಕೆ ಬಾಗುತ್ತದೆ, ಆದರೆ ಅಲ್ಲಿಯೇ ನಿಲ್ಲದೆ, ಅಂಗುಳಿಗೆ ತಾಗಿರುವಂತೆಯೇ ಮುಂದಕ್ಕೆ ಸರಿಯುತ್ತ ಬರುತ್ತದೆ.

ಇದರ ಶ್ರವಣಾತ್ಮಕ ಪರಿಣಾಮ ಮಹತ್ವದ್ದು. ಸ್ಪರ್ಶವು ಆರಂಭವಾಗುವ ಕ್ಷಣದಲ್ಲಿ ನಾಲಗೆ ಪೂರ್ಣವಾಗಿ ಬಾಗಿರುತ್ತದೆ. ಸ್ಪರ್ಶವು ಬಿಡುಗಡೆಯಾಗುವ ಹೊತ್ತಿಗೆ ಅದು ಬಹುಮಟ್ಟಿಗೆ ನೆಟ್ಟಗಾಗಿ ಹಲ್ಲಿನ ಒಸಡಿನ ಸಮೀಪಕ್ಕೆ ಬಂದಿರುತ್ತದೆ. ಆದ್ದರಿಂದ ಬಾಗಿದ ನಾಲಗೆಯ ಗುರುತು ಧ್ವನಿತರಂಗದಲ್ಲಿ ಮೂಡುವುದು ವ್ಯಂಜನಕ್ಕೆ ಹಿಂದಿರುವ ಸ್ವರದ ಕೊನೆಯಲ್ಲಿ. ಆ ಸ್ವರದ ಮೂರನೆಯ ಫಾರ್ಮೆಂಟ್ ಇಳಿದು ಎರಡನೆಯದರ ಸಮೀಪಕ್ಕೆ ಬರುತ್ತದೆ. ಮುಂದಿನ ಸ್ವರಕ್ಕೆ ದಾಟುವಾಗ ಈ ಗುರುತು ತೀರ ಕ್ಷೀಣಿಸಿರುತ್ತದೆ. ಅನೇಕ ಭಾಷೆಗಳಲ್ಲಿ ದಂತ್ಯ ಮತ್ತು ಮೂರ್ಧನ್ಯಗಳ ವ್ಯತ್ಯಾಸವು ಸ್ವರದ ಅನಂತರ ಉಳಿದು ಪದಾದಿಯಲ್ಲಿ ಅಳಿದುಹೋಗುವುದಕ್ಕೆ ಧ್ವನಿವಿಜ್ಞಾನಿಗಳು ಕೊಡುವ ಕಾರಣವೂ ಇದೇ. ಕನ್ನಡದಲ್ಲಿ ಣ, ಳಗಳಿಂದ ಯಾವ ಪದವೂ ಆರಂಭವಾಗುವುದಿಲ್ಲವೆಂಬುದನ್ನು ಈ ಬೆಳಕಿನಲ್ಲಿ ನೋಡಿದರೆ, ಅದು ವ್ಯಾಕರಣದ ಆಕಸ್ಮಿಕ ನಿಯಮವೆನಿಸದು.

ಈಗ ಹೆಸರಿಗೆ ಬರೋಣ. ‘ಗೋಣಿಬಸಪ್ಪ’ ಎಂಬುದನ್ನು ಬಿಡಿಸಿ ಹೇಳುವ ಕನ್ನಡಿಗ ‘ಗೋ, ಣಿ, ಬ, ಸ, ಪ್ಪ’ ಎನ್ನುತ್ತಾನೆ. ಹಾಗೆ ಬಿಡಿಸಲು ಕಲಿಸಿದ್ದು ಅವನ ಕಾಗುಣಿತ. ನಮ್ಮ ಅಕ್ಷರವು ವ್ಯಂಜನದಿಂದ ಆರಂಭವಾಗಿ ಸ್ವರದಲ್ಲಿ ಮುಗಿಯುವ ಘಟಕ. ಲಿಪಿಯನ್ನು ಬಲ್ಲವನ ಬಾಯಿ ಆ ಗೆರೆಯಲ್ಲಿಯೇ ಹೆಸರನ್ನು ಕತ್ತರಿಸುತ್ತದೆ. ‘ಗೋ’ ಎಂದು ನಿಲ್ಲಿಸಿದಾಗ ಓಕಾರವು ತನ್ನ ಪಾಡಿಗೆ ತಾನು ಮುಗಿಯುತ್ತದೆ. ಅದರ ಕೊನೆಯಲ್ಲಿ ನಾಲಗೆ ಬಾಗುವುದೇ ಇಲ್ಲ. ಆಮೇಲೆ ಬರುವ ‘ಣಿ’ ಪದಾದಿಯ ಣಕಾರವಾಗುತ್ತದೆ. ಅಂದರೆ ಕನ್ನಡವೇ ತನ್ನ ಪದಗಳಲ್ಲಿ ಎಂದೂ ಬಳಸದ, ಸುಳಿವು ಅತ್ಯಂತ ದುರ್ಬಲವಾಗಿರುವ ಸಂದರ್ಭದಲ್ಲಿ ಆ ಧ್ವನಿಯನ್ನು ಪರಭಾಷಿಕನ ಮುಂದೆ ಇಟ್ಟಂತಾಯಿತು. ಕೇಳುಗ ‘ನಿ’ ಎನ್ನುತ್ತಾನೆ. ನಾವು ಇನ್ನಷ್ಟು ನಿಧಾನಿಸುತ್ತೇವೆ, ಎರಡರ ನಡುವಣ ಮೌನ ಇನ್ನಷ್ಟು ಬೆಳೆಯುತ್ತದೆ, ಸುಳಿವು ಇನ್ನಷ್ಟು ಅಳಿಯುತ್ತದೆ.

ಆದ್ದರಿಂದ ಬಿಡಿಸಬೇಕಾದುದು ಮೂರ್ಧನ್ಯದ ಹಿಂದೆ ಅಲ್ಲ, ಮೂರ್ಧನ್ಯದ ಅನಂತರ: ‘ಗೋಣ್, ಇ.’ ಇದೇ ರೀತಿ ‘ಹಳ್, ಳಿ’, ‘ಮರುಳ್, ಅ’, ‘ಹಡ್, ಅ, ಗಲಿ’. ಕನ್ನಡದ ಕಿವಿಗೆ ಇದು ವಿಚಿತ್ರವೆನಿಸಬಹುದು. ಯಾವ ಶಾಲೆಯಲ್ಲಿಯೂ ಹೀಗೆ ಕಲಿಸುವುದಿಲ್ಲ. ಆದರೆ ‘ಗೋಣ್’ ಎಂದು ಹೇಳಿ ಣಕಾರದ ಮೇಲೆ ಒಂದು ಕ್ಷಣ ತಂಗಿದರೆ ಓಕಾರದ ಕೊನೆಯ ಬಾಗು ಪೂರ್ಣವಾಗಿ ಕೇಳಿಸುತ್ತದೆ. ಅನುನಾಸಿಕವಾದುದರಿಂದ ಆ ಧ್ವನಿಯನ್ನು ಎಳೆದು ನಿಲ್ಲಿಸಲೂ ಸಾಧ್ಯ. ಪ್ರಾಟ್ ತಂತ್ರಾಂಶದಲ್ಲಿ ತನ್ನ ಹೆಸರಿನ ಎರಡೂ ಬಗೆಯ ಉಚ್ಚಾರಗಳನ್ನು ಮುದ್ರಿಸಿಕೊಂಡು ವರ್ಣಪಟಲವನ್ನು ನೋಡಿದವರಿಗೆ ವ್ಯತ್ಯಾಸ ಅಳತೆಯಿಲ್ಲದೆಯೇ ಕಾಣುತ್ತದೆ: ‘ಗೋಣ್’ನಲ್ಲಿ ಮೂರನೆಯ ಫಾರ್ಮೆಂಟ್ ಕೆಳಗೆ ಬಾಗುತ್ತದೆ, ಒಂಟಿ ‘ಗೋ’ದಲ್ಲಿ ಬಾಗದು.

ಕೇಳುಗರು ಈ ಬಾಗನ್ನು ಕೇಳಿಸಿಕೊಂಡಿದ್ದಾರೆ ಎಂಬುದಕ್ಕೆ ಒಂದು ಸುಲಭ ಲಕ್ಷಣವಿದೆ. ಅಮೆರಿಕದ ಇಂಗ್ಲಿಷ್ ಭಾಷಿಕರು ‘ಗೋರ್ನಿ’, ‘ಹರ್ಲಿ’ ಎಂಬಂತೆ ಏನನ್ನೋ ಮರುನುಡಿಯತೊಡಗುತ್ತಾರೆ. ಇದನ್ನು ತಪ್ಪೆಂದು ಕೂಡಲೇ ತಳ್ಳಿಹಾಕಬಾರದು. ಅವರ ರೇಫವೂ ಮೂರನೆಯ ಫಾರ್ಮೆಂಟನ್ನು ಕೆಳಗಿಳಿಸುವ ಧ್ವನಿಯೇ. ಕೇಳಿದ ಇಳಿತವನ್ನು ಅವರು ತಮ್ಮಲ್ಲಿರುವ ಏಕೈಕ ಸಾಧನದಿಂದ ಅರ್ಥೈಸಿದ್ದಾರೆ. ಇಲ್ಲಿಂದ ದಾರಿ ಹತ್ತಿರ: ರೇಫವನ್ನು ಬಿಡಿಯಾಗಿ ನುಡಿಯದೆ, ಅದರ ನಾಲಗೆಯ ಭಂಗಿಯಲ್ಲಿಯೇ ತುದಿಯನ್ನು ಅಂಗುಳಿಗೆ ತಾಗಿಸುವಂತೆ ಹೇಳಿದರೆ ಸಾಕು. ರೇಫವನ್ನು ಸ್ವರದ ಅನಂತರ ನುಡಿಯದ ದಕ್ಷಿಣ ಇಂಗ್ಲೆಂಡಿನವರಿಗೆ ಈ ಉಪಾಯ ಒದಗದು. ಅವರಿಗೆ ರೇಫ ಸೇರಿಸಿ ಬರೆದುಕೊಟ್ಟರೆ ಸ್ವರವು ದೀರ್ಘವಾಗುತ್ತದೆಯೇ ಹೊರತು ನಾಲಗೆ ಬಾಗುವುದಿಲ್ಲ.

ಎಲ್ಲಕ್ಕಿಂತ ಸುಲಭವಾದ ಕೇಳುಗರು ಸ್ವೀಡನ್ ಮತ್ತು ಪೂರ್ವ ನಾರ್ವೆಯವರು. ಅವರ ಭಾಷೆಗಳಲ್ಲಿ ರೇಫಕ್ಕೆ ದಂತ್ಯ ವ್ಯಂಜನ ಸೇರಿದಾಗ ಎರಡೂ ಕೂಡಿ ಒಂದು ಮೂರ್ಧನ್ಯವಾಗುತ್ತದೆ. ಮಗು ಎಂಬರ್ಥದ ‘ಬಾರ್ನ್’ ಎಂಬ ಬರಹದ ಉಚ್ಚಾರ ‘ಬಾಣ್’. ‘ಕಾರ್ಲ್’ ಎಂಬ ಹೆಸರಿನ ಉಚ್ಚಾರ ‘ಕಾಳ್’. ಅವರಿಗೆ ನಾಲಗೆಯ ಪಾಠ ಬೇಕಿಲ್ಲ. ‘ನಿಮ್ಮ ಬಾರ್ನ್ ಪದದ ಕೊನೆಯ ಧ್ವನಿ’ ಎಂದರೆ ಸಾಕು. ಆದರೆ ಸ್ವೀಡನ್ನಿನ ದಕ್ಷಿಣ ತುದಿಯ ಸ್ಕೋನೆ ಪ್ರಾಂತದವರು ರೇಫವನ್ನು ಕಿರುನಾಲಗೆಯಲ್ಲಿ ನುಡಿಯುತ್ತಾರೆ. ಅವರಲ್ಲಿ ಈ ಸಂಯೋಗ ನಡೆಯುವುದಿಲ್ಲ. ಸಹೋದ್ಯೋಗಿಯ ದೇಶವನ್ನಷ್ಟೇ ಅಲ್ಲ, ಊರನ್ನೂ ಕೇಳಿ ತಿಳಿಯುವುದು ಒಳ್ಳೆಯದು.

ಯಾವ ಮೂರ್ಧನ್ಯಕ್ಕೆ ಹಟ ಹಿಡಿಯಬೇಕು?

ಮೂರ್ಧನ್ಯಗಳೆಲ್ಲ ಒಂದೇ ಪ್ರಮಾಣದಲ್ಲಿ ಕೆಡುವುದಿಲ್ಲ. ‘ಕೊಟ್ರೇಶ’ ಎಂಬ ಹೆಸರನ್ನು ಇಂಗ್ಲಿಷರು ತಮ್ಮ ವರ್ತ್ಸ್ಯ ಸ್ಪರ್ಶದಿಂದ ನುಡಿದರೆ ಕನ್ನಡಿಗನ ಕಿವಿಗೆ ಅದು ಟಕಾರವಾಗಿಯೇ ಕೇಳಿಸುತ್ತದೆ. ಇಂಗ್ಲಿಷಿನ ಈ ಸ್ಪರ್ಶಗಳನ್ನು ನಾವು ಬಹುಕಾಲದಿಂದ ಟ, ಡಗಳಾಗಿಯೇ ಸ್ವೀಕರಿಸಿದ್ದೇವೆ; ಟೇಬಲ್, ಡಾಕ್ಟರ್ ಮುಂತಾದ ಎರವಲುಗಳು ಇದಕ್ಕೆ ಸಾಕ್ಷಿ. ಅಲ್ಲದೆ ಇಂಗ್ಲಿಷಿನಲ್ಲಿ ರೇಫದ ಮುಂಚಿನ ಸ್ಪರ್ಶವು ತಾನಾಗಿಯೇ ತುಸು ಹಿಂದಕ್ಕೆ ಸರಿಯುತ್ತದೆ. ‘ಹಡಗಲಿ’ಯ ಸಂಗತಿಯೂ ಅಷ್ಟೆ. ಸ್ವರಗಳ ನಡುವೆ ನಮ್ಮ ಡಕಾರವೇ ಅನೇಕ ವೇಳೆ ಒಂದು ತಟ್ಟಿನ ಧ್ವನಿಯಾಗಿ ಸಡಿಲುತ್ತದೆ. ಅಮೆರಿಕದವರ ಬಾಯಲ್ಲಿಯೂ ಆ ಸ್ಥಾನದಲ್ಲಿ ಒಂದು ತಟ್ಟು ಬರುತ್ತದೆ, ಘಾತವು ಮೊದಲ ಅಕ್ಷರದ ಮೇಲೆ ಬಿದ್ದರೆ ಮಾತ್ರ. ಅವರು ‘ಹ-ಡಾ-ಗಲಿ’ ಎಂದು ಎರಡನೆಯ ಅಕ್ಷರವನ್ನು ಎತ್ತಿ ನುಡಿದರೆ ಸರಿಪಡಿಸಬೇಕಾದುದು ಡಕಾರವನ್ನಲ್ಲ, ಘಾತವನ್ನು.

ಣ ಮತ್ತು ಳಗಳ ಸ್ಥಿತಿ ಬೇರೆ. ಇಂಗ್ಲಿಷಿನ ನಕಾರ, ಲಕಾರಗಳಿಗೆ ಹೊಂದುವ ನ, ಲಗಳು ನಮ್ಮಲ್ಲಿಯೇ ಇವೆ. ಆದ್ದರಿಂದ ಅವರು ‘ಹಳ್ಳಿ’ಯನ್ನು ತಮ್ಮ ಲಕಾರದಿಂದ ನುಡಿದರೆ ನಮಗೆ ಕೇಳಿಸುವುದು ‘ಹಲ್ಲಿ’. ಹಗರಿಬೊಮ್ಮನಹಳ್ಳಿಯವನು ಬೊಮ್ಮನ ಹಲ್ಲಿಯವನಾಗುತ್ತಾನೆ. ಪರದೆಯ ಮೇಲೆ Hagaribommanahalli ಎಂದು ಕಾಣುವ ಬರಹದಲ್ಲಿ ಈ ಎರಡನ್ನು ಪ್ರತ್ಯೇಕಿಸುವ ಚಿಹ್ನೆಯಿಲ್ಲ. ಬಳ್ಳಾರಿಯ ರೋಮನ್ ಬರಹವನ್ನು 2014ರಲ್ಲಿ ಅಧಿಕೃತವಾಗಿ Bellary ಎಂಬುದರಿಂದ Ballari ಎಂದು ಬದಲಿಸಿದಾಗ ಸ್ವರಗಳು ಕನ್ನಡಕ್ಕೆ ಹತ್ತಿರವಾದವು. ಳಕಾರವು ಇದ್ದಂತೆಯೇ ಉಳಿಯಿತು. ಅಕ್ಷರದ ಕೆಳಗೆ ಚುಕ್ಕಿಯಿಡುವ ಪದ್ಧತಿ ವಿದ್ವತ್ ಬರಹಕ್ಕೆ ಸರಿ. ಆದರೆ ಅದನ್ನು ಬಲ್ಲವರು ಯಾರೋ ಅವರಿಗೆ ಹೆಸರನ್ನು ಬಿಡಿಸಿ ಹೇಳುವ ಅಗತ್ಯವೇ ಇರುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಸ್ಪರ್ಶಗಳ ಸಾಲಿನಲ್ಲಿ ನಿಜವಾಗಿ ನಷ್ಟವಾಗುವುದು ಮೂರ್ಧನ್ಯವಲ್ಲ, ದಂತ್ಯ. ಮರುಳಸಿದ್ದಪ್ಪ ‘ಮರುಲಸಿಡ್ಡಪ್ಪ’ ಆಗುತ್ತಾನೆ: ಳಕಾರವಿದ್ದಲ್ಲಿ ಲಕಾರ, ದಕಾರವಿದ್ದಲ್ಲಿ ಡಕಾರ. ಒಂದೇ ಹೆಸರಿನಲ್ಲಿ ಮೂರ್ಧನ್ಯವು ಹೋಗಿ, ಬೇಡದ ಕಡೆ ಮೂರ್ಧನ್ಯವು ಬಂದಂತೆ ನಮಗೆ ಕೇಳಿಸುತ್ತದೆ. ನುಡಿದವರ ದೃಷ್ಟಿಯಿಂದ ಎರಡೂ ಒಂದೇ ವರ್ತ್ಸ್ಯ ಸ್ಥಾನ. ಫ್ರೆಂಚರ ಬಾಯಲ್ಲಿ ಇದು ತಿರುಗುಮುರುಗಾಗುತ್ತದೆ. ಅವರ ಸ್ಪರ್ಶಗಳು ದಂತ್ಯವಾದುದರಿಂದ ಸಿದ್ದಪ್ಪನಿಗೆ ತೊಂದರೆಯಿಲ್ಲ, ಕೊಟ್ರೇಶನು ‘ಕೊತ್ರೇಶ’ನಾಗುತ್ತಾನೆ. ಫ್ರೆಂಚರು ಹಕಾರವನ್ನೂ ನುಡಿಯುವುದಿಲ್ಲವಾದುದರಿಂದ ಹಗರಿಯು ‘ಅಗರಿ’ಯಾಗುತ್ತದೆ. ಇದಕ್ಕೆ ಅವರನ್ನು ಮಾತ್ರ ದೂರುವಂತಿಲ್ಲ. ಹಳ್ಳಿಯನ್ನು ‘ಅಳ್ಳಿ’ ಎನ್ನುವವರು ಹಳೆಯ ಮೈಸೂರಿನ ಆಡುಮಾತಿನಲ್ಲಿ ಬೇಕಾದಷ್ಟು ಜನರಿದ್ದಾರೆ.

ಮಹಾಪ್ರಾಣ: ಯಾರದು, ಎಲ್ಲಿಯದು?

ಮಹಾಪ್ರಾಣದ ಸುಳಿವು ವ್ಯಂಜನದ ಬಿಡುಗಡೆಯ ಅನಂತರ ಇರುತ್ತದೆ. ಅಘೋಷ ಮಹಾಪ್ರಾಣಗಳಲ್ಲಿ ಅದು ಬಿಡುಗಡೆಗೂ ಸ್ವರತಂತುಗಳ ಕಂಪನದ ಆರಂಭಕ್ಕೂ ನಡುವಣ ಅಂತರ. ಭ, ಧ, ಘಗಳಂಥ ಘೋಷ ಮಹಾಪ್ರಾಣಗಳಲ್ಲಿ ಅಂತರವಿಲ್ಲ. ಅಲ್ಲಿ ಮುಂದಿನ ಸ್ವರದ ಮೊದಲ ಭಾಗವೇ ಉಸಿರಿನಿಂದ ಕೂಡಿ ಸಡಿಲವಾಗಿರುತ್ತದೆ. ಅಂದರೆ ಮೂರ್ಧನ್ಯಕ್ಕೆ ತಡೆಯಾಗುವ ಅಕ್ಷರವಿಭಾಗ ಇಲ್ಲಿ ಅನುಕೂಲಕರವೇ: ‘ಭೀ, ಮಪ್ಪ’ ಎಂದು ಬಿಡಿಸಿದರೆ ಸುಳಿವು ಪೂರ್ಣವಾಗಿ ಉಳಿಯುತ್ತದೆ. ಇಂಗ್ಲಿಷ್ ಭಾಷಿಕರಿಗೆ ‘ಕ್ಲಬ್‌ಹೌಸ್’ ಎಂಬ ಪದದ ನಡುವನ್ನು ಕೂಡಿಸಿ ಹೇಳಿಸಿದರೆ ಭಕಾರಕ್ಕೆ ಸಾಕಷ್ಟು ಸಮೀಪ ಬರುತ್ತಾರೆ.

ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ. ತನ್ನ ತಂದೆಯನ್ನು ಊರಿನಲ್ಲಿ ಎಲ್ಲರೂ ‘ಬೀಮಪ್ಪ’ ಎಂದು ಕರೆಯುತ್ತಿರುವಾಗ, ತಾನೂ ಮನೆಯಲ್ಲಿ ಹಾಗೆಯೇ ನುಡಿಯುವಾಗ, ವಿದೇಶದ ಸಹೋದ್ಯೋಗಿಗೆ ಭಕಾರವನ್ನು ಕಲಿಸುವುದು ಯಾವ ಹೆಸರನ್ನು ಕಲಿಸಿದಂತೆ? ಕನ್ನಡದಲ್ಲಿ ಮಹಾಪ್ರಾಣಗಳು ಬಹುಪಾಲು ಸಂಸ್ಕೃತದ ಎರವಲುಗಳೊಂದಿಗೆ ಬಂದವು. ತದ್ಭವವಾಗುವಾಗ ಅವು ಪ್ರಾಣವನ್ನು ಕಳೆದುಕೊಳ್ಳುವುದು ಹಳೆಯ ನಿಯಮ. ಘಟಿಕೆಯು ಗಳಿಗೆಯಾದುದು, ಧರ್ಮವು ದರುಮವಾದುದು ಹೀಗೆ. ಊರ ಹೆಸರಿನಲ್ಲಿರುವ ‘ಬೊಮ್ಮ’ವೇ ಬ್ರಹ್ಮ ಶಬ್ದದ ತದ್ಭವ, ಅಲ್ಲಿದ್ದ ಹಕಾರವನ್ನು ಕನ್ನಡದ ಬಾಯಿ ಎಂದೋ ಕಳಚಿಟ್ಟಿದೆ. ಇಂದಿಗೂ ಅನೇಕರ ಸಹಜ ಮಾತಿನಲ್ಲಿ ಭ-ಬ, ಧ-ದ, ಖ-ಕಗಳ ಭೇದ ಇಲ್ಲ, ಅಥವಾ ಎಚ್ಚರದ ಓದಿನಲ್ಲಿ ಮಾತ್ರ ಇದೆ. ಳ-ಲ ಭೇದದ ಸ್ಥಿತಿ ಇದಕ್ಕೆ ತೀರ ವಿರುದ್ಧ: ಬೆಳೆ-ಬೆಲೆ, ಕಾಳು-ಕಾಲು ಎಂಬ ಜೋಡಿಗಳು ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲಿಯೂ ಸ್ಪಷ್ಟ. ಲಿಪಿಯಲ್ಲಿ ಈ ಎರಡೂ ಬಗೆಯ ಅಕ್ಷರಗಳು ಸಮಾನ ಗೌರವದಿಂದ ಕುಳಿತಿವೆ. ಧ್ವನಿಮಾ ವ್ಯವಸ್ಥೆಯಲ್ಲಿ ಅವುಗಳ ಬೇರು ಒಂದೇ ಆಳದಲ್ಲಿಲ್ಲ.

ಈ ಪ್ರಶ್ನೆಯನ್ನು ತನ್ನ ಹೆಸರಿನ ಮೇಲೆಯೇ ಪ್ರಯೋಗಿಸಿದ ವಿದ್ವಾಂಸರು ನಮ್ಮ ನಡುವೆಯೇ ಇದ್ದರು. ಕನ್ನಡ ಬರಹಕ್ಕೆ ಮಹಾಪ್ರಾಣಾಕ್ಷರಗಳ ಅಗತ್ಯವಿಲ್ಲವೆಂದು ವಾದಿಸಿದ ಡಿ.ಎನ್. ಶಂಕರ ಭಟ್ಟರು ತಮ್ಮ ನಂತರದ ಕನ್ನಡ ಪುಸ್ತಕಗಳಲ್ಲಿ ‘ಶಂಕರ ಬಟ್’ ಎಂದೇ ಹೆಸರನ್ನು ಅಚ್ಚು ಮಾಡಿಸಿದರು. ಅವರ ಇಂಗ್ಲಿಷ್ ಗ್ರಂಥಗಳ ಮೇಲೆ ಮಾತ್ರ Bhat ಎಂಬ ಬರಹವೇ ಇದೆ. ಇದನ್ನು ಅಸಂಗತಿಯೆಂದು ಆಡಿಕೊಂಡವರಿರಬಹುದು, ನನಗೆ ಹಾಗೆನಿಸುವುದಿಲ್ಲ. ಗ್ರಂಥಸೂಚಿಯಲ್ಲಿ ಹುಡುಕಿಸಿಕೊಳ್ಳಬೇಕಾದ ಬರಹದ ಹೆಸರು ಒಂದು, ನಾಡಿನೊಳಗೆ ನುಡಿಯುವ ಹೆಸರು ಇನ್ನೊಂದು. ಇವೆರಡನ್ನು ಒಂದಾಗಿಸಬೇಕೆಂಬ ನಿಯಮ ಯಾವ ಭಾಷೆಯಲ್ಲಿಯೂ ಇಲ್ಲ.

ಇಲ್ಲಿ ಸಾಮಾಜಿಕ ಹೊರೆಯೂ ಇದೆ. ಮಹಾಪ್ರಾಣದ ‘ಶುದ್ಧ’ ಉಚ್ಚಾರವು ಕನ್ನಡ ಸಮಾಜದಲ್ಲಿ ವಿದ್ಯೆಯ ಮತ್ತು ಜಾತಿಯ ಗುರುತಾಗಿ ಕೆಲಸ ಮಾಡಿದೆ. ಹಗರಿಬೊಮ್ಮನಹಳ್ಳಿಯಿಂದ ಬಂದ ವಿದ್ಯಾರ್ಥಿಯನ್ನು ವಿಶ್ವವಿದ್ಯಾಲಯದಲ್ಲಿ ಕನ್ನಡಿಗರೇ ‘ಬೀಮಪ್ಪ ಅಲ್ಲ, ಭೀಮಪ್ಪ’ ಎಂದು ತಿದ್ದಿರುತ್ತಾರೆ. ಆ ತಿದ್ದುಪಡಿಯ ನೆನಪನ್ನು ಹೊತ್ತವನು ವಿದೇಶೀಯರ ಮುಂದೆ ತನ್ನ ಶಕ್ತಿಯನ್ನೆಲ್ಲ ಭಕಾರದ ಮೇಲೆ ವ್ಯಯಿಸುತ್ತಾನೆ, ಊರಿನ ಳ್ಳಕಾರವನ್ನು ಸುಮ್ಮನೆ ಬಿಟ್ಟುಕೊಡುತ್ತಾನೆ. ತನ್ನದಲ್ಲದ ಧ್ವನಿಗಾಗಿ ಹೋರಾಡಿ ತನ್ನದಾದ ಧ್ವನಿಯನ್ನು ಕಳೆದುಕೊಳ್ಳುವ ಈ ವಿಪರ್ಯಾಸವೇ ನನ್ನನ್ನು ಈ ವಿಷಯದತ್ತ ಎಳೆದದ್ದು. ಪರೀಕ್ಷೆ ಸರಳವಾಗಿದೆ. ಆಪ್ತರೊಡನೆ ಆಡಿದ ಸಹಜ ಮಾತಿನ ಮುದ್ರಣದಲ್ಲಿ ‘ನಮ್ಮ ಭೀಮಪ್ಪ ಬಂದ’ ಎಂಬಂಥ ವಾಕ್ಯವೊಂದನ್ನು ಹುಡುಕಿ, ಭಕಾರದ ಮತ್ತು ಬಕಾರದ ಅನಂತರದ ಸ್ವರಗಳ ಆರಂಭವನ್ನು ಹೋಲಿಸಬೇಕು. ಮೊದಲನೆಯದರಲ್ಲಿ ಉಸಿರಿನ ಸಡಿಲಿಕೆ ಕಾಣದಿದ್ದರೆ ಹೆಸರು ‘ಬೀಮಪ್ಪ’ ಎಂದೇ. ಸಹೋದ್ಯೋಗಿಯ ಬಾಯಲ್ಲಿ ಭಕಾರವಿಲ್ಲದೆ ಬಂದ ಹೆಸರು ಆಗ ಸರಿಯಾದ ಹೆಸರೇ. ಭೇದ ಕಂಡವರು ನಿಸ್ಸಂಕೋಚವಾಗಿ ಭಕಾರವನ್ನು ಕೇಳಬಹುದು, ಅದು ಅವರದೇ.

ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿರುವ ‘ಫಕೀರಪ್ಪ’ ಎಂಬ ಹೆಸರಿನಲ್ಲಿ ಇದೇ ಪ್ರಶ್ನೆ ಇನ್ನೊಂದು ಸುತ್ತು ತಿರುಗುತ್ತದೆ. ಅರಬ್ಬಿಯ ದಂತೋಷ್ಠ್ಯ ಧ್ವನಿಗೆ ನಾವು ಮಹಾಪ್ರಾಣದ ಫಕಾರವನ್ನು ಬರೆದೆವು, ಆಡುಮಾತಿನಲ್ಲಿ ‘ಪಕೀರಪ್ಪ’ ಎಂದೆವು. ವಿದೇಶೀಯ ಸಹೋದ್ಯೋಗಿ ರೋಮನ್ ಬರಹವನ್ನು ನೋಡಿ ನುಡಿಯುವ ಮೊದಲ ಧ್ವನಿ ಮೂಲ ಅರಬ್ಬಿಯದ್ದು. ಮೂವರಲ್ಲಿ ಯಾರನ್ನು ತಿದ್ದುವುದು?

ಬೇಡದಲ್ಲಿ ಬರುವ ಪ್ರಾಣ

ಮಹಾಪ್ರಾಣವನ್ನು ಕುರಿತ ಮಾತು ಇಲ್ಲಿಗೆ ಮುಗಿಯದು. ಹೆಸರಿನಲ್ಲಿ ಮಹಾಪ್ರಾಣವೇ ಇಲ್ಲದವರಿಗೂ ಅದು ತೊಂದರೆ ಕೊಡುತ್ತದೆ. ಇಂಗ್ಲಿಷಿನಲ್ಲಿ ಪದಾದಿಯ ಅಘೋಷ ಸ್ಪರ್ಶಗಳು ಮಹಾಪ್ರಾಣಯುಕ್ತವಾಗಿಯೇ ಬರುತ್ತವೆ. ಲಿಸ್ಕರ್ ಮತ್ತು ಅಬ್ರಾಮ್ಸನ್ 1964ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಳತೆಗಳ ಪ್ರಕಾರ, ಬಿಡುಗಡೆಯಿಂದ ಕಂಪನದ ಆರಂಭದವರೆಗಿನ ಅವಧಿ ಇಂಗ್ಲಿಷಿನ ಪದಾದಿ ಕಕಾರದಲ್ಲಿ ಸರಾಸರಿ 80 ಮಿಲಿಸೆಕೆಂಡ್, ಗಕಾರದಲ್ಲಿ 21. ಅದೇ ಅಧ್ಯಯನದಲ್ಲಿ ಹಿಂದಿಯ ಅಲ್ಪಪ್ರಾಣ ಕಕಾರದ ಅವಧಿ 18. ಕನ್ನಡದ ಕಕಾರವೂ ಇದೇ ಬಗೆಯದು. ‘ಕೊಟ್ರೇಶ’ ಎಂದು ನಾವು ನುಡಿದಾಗ ಇಂಗ್ಲಿಷ್ ಕಿವಿ ಅದನ್ನು ತನ್ನ ಕಕಾರದ ಪಾಲಿಗೆ ಸೇರಿಸದೆ ಗಕಾರದ ಪಾಲಿಗೆ ಸೇರಿಸುವುದು ಆದ್ದರಿಂದ ಸಹಜ. ಅವರು ‘ಗೊಟ್ರೇಶ್’ ಎಂದು ಬರೆದುಕೊಳ್ಳುತ್ತಾರೆ. ಫ್ರೆಂಚರ ‘ಕೊತ್ರೇಶ’ವನ್ನು ಇದರೊಡನೆ ಬೆರೆಸಿದರೆ ಪಾಪ, ಕೊಟ್ಟೂರಿನ ಹುಡುಗ ಗೋತ್ರಗಳ ಒಡೆಯನಾಗಿಬಿಡುತ್ತಾನೆ.

ಇಲ್ಲಿ ಎರಡು ತಪ್ಪು ದಾರಿಗಳಿವೆ. ಕೇಳುಗನಿಗೆ ಅನುಕೂಲವಾಗಲೆಂದು ತಾನೇ ‘ಖೊಟ್ರೇಶ’ ಎನ್ನುವುದು ಒಂದು. ಇದು ಕೂಡಲೇ ಫಲ ಕೊಡುತ್ತದೆ, ಆದರೆ ಆಮೇಲೆ ಎಲ್ಲರೂ ಖಕಾರವನ್ನೇ ಕಲಿಯುತ್ತಾರೆ. ದನಿಯನ್ನು ಎತ್ತರಿಸಿ ಅದನ್ನೇ ಪುನಃ ಪುನಃ ಹೇಳುವುದು ಇನ್ನೊಂದು. ಗಟ್ಟಿಯಾಗಿ ಹೇಳಿದ ಅಲ್ಪಪ್ರಾಣವು ಗಟ್ಟಿಯಾದ ಗಕಾರವಾಗಿಯೇ ಕೇಳಿಸುತ್ತದೆ. ಉಪಯುಕ್ತವಾದ ದಾರಿ ಇಂಗ್ಲಿಷಿನೊಳಗೇ ಇದೆ. ಸಕಾರದ ಅನಂತರ ಇಂಗ್ಲಿಷಿನ ಸ್ಪರ್ಶಗಳು ಪ್ರಾಣವನ್ನು ಕಳೆದುಕೊಳ್ಳುತ್ತವೆ. ‘ಸ್ಕಾಟ್’ ಎಂಬ ಹೆಸರನ್ನು ಹೇಳಿ, ಸಕಾರವನ್ನು ಮನಸ್ಸಿನಲ್ಲಿ ಮಾತ್ರ ನುಡಿದು ಉಳಿದುದನ್ನು ಬಾಯಿಬಿಟ್ಟು ಹೇಳುವಂತೆ ಕೇಳಿದರೆ ‘ಕೊಟ್’ಗೆ ತೀರ ಸಮೀಪದ ರೂಪ ಬರುತ್ತದೆ. ಫ್ರೆಂಚ್ ಮತ್ತು ಸ್ಪ್ಯಾನಿಷ್ ಭಾಷಿಕರಿಗೆ ಈ ಉಪಾಯ ಬೇಕಿಲ್ಲ. ಅವರ ಕಕಾರ ಅಲ್ಪಪ್ರಾಣವೇ. ಜರ್ಮನರಿಗೆ ಬೇಕು.

ರೋಮನ್ ಬರಹವು ಈ ಗೊಂದಲಕ್ಕೆ ತನ್ನ ಪಾಲನ್ನೂ ಸೇರಿಸುತ್ತದೆ. ದಕ್ಷಿಣ ಭಾರತದ ರೂಢಿಯಲ್ಲಿ t ಎಂಬುದು ಟಕಾರಕ್ಕೆ ಮೀಸಲಾಗಿರುವುದರಿಂದ ತಕಾರವನ್ನು th ಎಂದು ಬರೆಯುತ್ತೇವೆ: Latha, Geetha. ಇಲ್ಲಿ h ಸೂಚಿಸುವುದು ಪ್ರಾಣವನ್ನಲ್ಲ, ದಂತ್ಯತ್ವವನ್ನು. Bheemappa ಎಂಬಲ್ಲಿ ಅದೇ h ಮಹಾಪ್ರಾಣದ ಚಿಹ್ನೆ. Halli ಎಂಬಲ್ಲಿ ಅದು ಸ್ವತಂತ್ರ ಹಕಾರ. ಉತ್ತರ ಭಾರತದವರ ರೂಢಿಯಲ್ಲಿ th ಎಂದರೆ ಥ. ಇಂಗ್ಲಿಷರಿಗೆ ಅದು ಮೂರೂ ಅಲ್ಲದ, ಹಲ್ಲುಗಳ ನಡುವಣ ಘರ್ಷಧ್ವನಿ. ಬರಹವನ್ನು ನೋಡಿದ ಅನಂತರ ಕಿವಿ ಅದಕ್ಕೆ ಅಧೀನವಾಗುವುದರಿಂದ, ಸಾಧ್ಯವಿದ್ದಲ್ಲಿ ಹೆಸರನ್ನು ಮೊದಲು ಕೇಳಿಸಿ ಆಮೇಲೆ ತೋರಿಸುವುದು ಲೇಸು.

ಪರಿಚಯದ ವಾಕ್ಯದಲ್ಲಿ

ಇಷ್ಟನ್ನು ಒಂದು ವಾಕ್ಯದೊಳಗೆ ಹೇಗೆ ತರುವುದು? ಇಂಗ್ಲಿಷ್ ವಾಕ್ಯದ ಲಯದಲ್ಲಿಯೇ ಹೆಸರನ್ನೂ ನುಡಿದರೆ ಕನ್ನಡಿಗನ ನಾಲಗೆಯೂ ಇಂಗ್ಲಿಷಿನ ಕಡೆಗೆ ಸರಿಯುತ್ತದೆ. ಸ್ವರಗಳು ಕುಗ್ಗುತ್ತವೆ, ದ್ವಿತ್ವಗಳು ಒಂಟಿಯಾಗುತ್ತವೆ. ಆದುದರಿಂದ ವಾಕ್ಯವನ್ನು ಹೆಸರಿನ ಮುಂಚೆ ನಿಲ್ಲಿಸಿ, ಒಂದು ಉಸಿರಿನ ಬಿಡುವು ಕೊಟ್ಟು, ಹೆಸರನ್ನು ಊರಿನಲ್ಲಿ ಹೇಳುವ ವೇಗದಲ್ಲಿ ಇಡಿಯಾಗಿ ಒಮ್ಮೆ ಹೇಳಬೇಕು. ಬಿಡಿಸುವುದು ಎರಡನೆಯ ಹೆಜ್ಜೆ: ‘ಗೋಣ್, ಇ, ಬಸ್, ಅಪ್, ಪ.’ ಮೂರನೆಯ ಸಲ ಮತ್ತೆ ಇಡಿಯಾಗಿ. ಬಿಡಿಸಿದ ರೂಪದಲ್ಲಿಯೇ ಬಿಟ್ಟರೆ ಅವರು ತುಂಡುಗಳನ್ನೇ ಹೆಸರೆಂದು ಕಲಿಯುತ್ತಾರೆ.

ಊರಿನ ಹೆಸರು ಉದ್ದವಾಯಿತೆಂದು ಭಯಪಡುವವರಿಗೆ ಊರಿನವರೇ ಮಾಡಿಕೊಂಡಿರುವ ಅನುಕೂಲವಿದೆ: ಅಲ್ಲಿ ದಿನಬಳಕೆಯಲ್ಲಿ ಅದು ‘ಎಚ್.ಬಿ. ಹಳ್ಳಿ’. ಹಗರಿಯೂ ಬೊಮ್ಮನೂ ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಇಳಿದರೂ ಹಳ್ಳಿ ಇಡಿಯಾಗಿ ಉಳಿದಿದೆ. ಸಹೋದ್ಯೋಗಿಗೆ ಕಲಿಸಬೇಕಾದ ಒಂದೇ ಒಂದು ಧ್ವನಿ ಆಗ ಳ್ಳ. ಅದು ದ್ವಿತ್ವವಾದುದರಿಂದ ನಾಲಗೆಯನ್ನು ಬಾಗಿಸಿ ನಿಲ್ಲಿಸಲು ಕಾಲಾವಕಾಶವೂ ಇದೆ. ಹಲ್ಲಿಯ ಚಿತ್ರವನ್ನೂ ಹಳ್ಳಿಯ ಚಿತ್ರವನ್ನೂ ಎದುರಿಗಿಟ್ಟು ಎರಡು ಪದಗಳನ್ನು ಹೇಳಿ ತೋರಿಸಿದರೆ ಕಲಿಕೆ ಬೇಗ; ಭೇದಕ್ಕೆ ಅರ್ಥವಿದೆಯೆಂದು ತಿಳಿದ ಮೇಲೆ ಕಿವಿ ಅದನ್ನು ಹುಡುಕತೊಡಗುತ್ತದೆ. ಮೂರ್ಧನ್ಯವನ್ನು ಕಲಿತ ಉತ್ಸಾಹದಲ್ಲಿ ಅವರು ‘ಹಡಗಳಿ’ ಎಂದೂ ಹೇಳಬಹುದು. ಹಡಗಲಿಯಲ್ಲಿರುವುದು ಲಕಾರವೆಂದು ಆಗಲೇ ತಿಳಿಸಬೇಕು. ಆ ತಪ್ಪು ಅವರಿಗೆ ಭೇದ ಕೇಳಿಸತೊಡಗಿದೆ ಎಂಬುದರ ಕುರುಹೂ ಹೌದು.

ಆನ್‌ಲೈನ್ ಸಭೆಯ ಪರದೆಯಲ್ಲಿ ಹೆಸರಿನ ಪಕ್ಕದಲ್ಲಿ ಉಚ್ಚಾರದ ಸೂಚನೆಯನ್ನು ಬರೆಯುವ ಅವಕಾಶವಿದ್ದರೆ goan-ee-BUS-up-pa ಎಂದೂ, ಊರಿಗೆ HULL-ee ಎಂದೂ ಬರೆಯಬಹುದು. ಎರಡರಲ್ಲಿಯೂ ವಿಭಾಗವು ಮೂರ್ಧನ್ಯದ ಅನಂತರ ಬಿದ್ದಿರುವುದನ್ನು ಗಮನಿಸಬೇಕು. ಅ ಸ್ವರವೂ ಸರಿಯಾಗಿ ದೊರೆಯುತ್ತದೆ. ಆದರೆ HULL ಎಂಬುದರ ಕೊನೆಯಲ್ಲಿ ಇಂಗ್ಲಿಷರು ನುಡಿಯುವುದು ತಮ್ಮ ‘ಗಾಢ’ ಲಕಾರ. ಅಲ್ಲಿ ಮೇಲೇಳುವುದು ನಾಲಗೆಯ ಹಿಂಭಾಗ, ತುದಿ ಬಾಗುವುದಿಲ್ಲ. ಕೇಳಲು ಅದು ಭಾರವಾಗಿರುವುದರಿಂದ ಅವಸರದಲ್ಲಿ ಳಕಾರವೆಂದು ಒಪ್ಪಿಬಿಡುವ ಸಂಭವವಿದೆ. ಅವರು ಹೇಳುವಾಗ ಅಕಾರವು ಉಕಾರದತ್ತ ಕಂದುತ್ತಿದ್ದರೆ ಅದು ಗಾಢ ಲಕಾರ. ಅಕಾರದ ಕೊನೆಯಲ್ಲಿ ರೇಫದ ಛಾಯೆ ಸುಳಿದರೆ ನಾಲಗೆ ಬಾಗತೊಡಗಿದೆ.